ಎರಡು ಸಲ ಬಂದ ಹೆಸರು: ತೆಗೆಯುವುದೆಷ್ಟು, ಬಿಡುವುದೆಷ್ಟು

ಅಂಗಡಿಯ ಗ್ರಾಹಕರ ಪಟ್ಟಿಯನ್ನು ಗೂಗಲ್ ಶೀಟ್ಸ್‌ಗೆ ಏರಿಸಿ, "ರಿಪೀಟ್ ಆಗಿರೋದನ್ನ ತೆಗೆದುಬಿಡಿ" ಎಂದು ಮಾಲೀಕರು ಒಂದೇ ಮಾತಿನಲ್ಲಿ ಕೆಲಸ ಒಪ್ಪಿಸುತ್ತಾರೆ. ಕಂಪ್ಯೂಟರ್ ಮುಂದೆ ಕುಳಿತವರಿಗೆ ಇದು ಹತ್ತು ನಿಮಿಷದ ಕೆಲಸವೆನಿಸುತ್ತದೆ. ಪಟ್ಟಿಯನ್ನು ಕೆಳಕ್ಕೆ ಸರಿಸುತ್ತ ಹೋದಾಗ ಒಬ್ಬರ ಹೆಸರು ಎರಡು ಕಡೆ ಕಾಣುತ್ತದೆ. ಒಂದು ಸಾಲಿನಲ್ಲಿ ವಿಳಾಸವಿದೆ, ಬಾಕಿ ಇಲ್ಲ. ಇನ್ನೊಂದರಲ್ಲಿ ಬಾಕಿ ಇದೆ, ವಿಳಾಸವಿಲ್ಲ. ಎರಡನ್ನೂ ಕೂಡಿಸಿ ಒಂದು ತುಂಬಿದ ಸಾಲು ಮಾಡಿಕೊಟ್ಟರೆ ಮಾಲೀಕರಿಗೂ ಅನುಕೂಲ ಎನ್ನುವ ಯೋಚನೆ ಅಲ್ಲಿ ಹುಟ್ಟುತ್ತದೆ. ಯೋಚನೆಯಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಹಾಗೆ ಕೂಡಿಸಿದ ಕ್ಷಣದಿಂದ ಆಗುತ್ತಿರುವುದು ಮಾಲೀಕರು ಹೇಳಿದ ಕೆಲಸವಲ್ಲ, ಬೇರೆಯದೇ ಕೆಲಸ.

ಎರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ರಿಪೀಟ್ ತೆಗೆದ ಮೇಲೆ ಉಳಿದ ಪ್ರತಿಯೊಂದು ಸಾಲೂ ಮೊದಲಿನ ಪಟ್ಟಿಯಲ್ಲಿ ಇದ್ದ ಹಾಗೆಯೇ ಇರಬೇಕು. ಮೂಲದಲ್ಲಿ ಎಲ್ಲೂ ಇಲ್ಲದ ಒಂದು ಸಾಲು ಫಲಿತಾಂಶದಲ್ಲಿ ಕಂಡರೆ ಅದನ್ನು ಬರೆದವರು ಮಾಲೀಕರಲ್ಲ, ಪಟ್ಟಿ ತಿದ್ದಿದವರು. ತೆಗೆಯುವ ಕೆಲಸದಲ್ಲಿ ಹೊಸ ಸಾಲು ಹುಟ್ಟುವುದಿಲ್ಲ. ಕೂಡಿಸುವ ಕೆಲಸದಲ್ಲಿ ಪ್ರತಿ ಜೋಡಿಗೂ ಒಂದೊಂದು ಹೊಸ ಸಾಲು ಹುಟ್ಟುತ್ತದೆ. ಸಾಲುಗಳನ್ನು ಎಣಿಸಿ ನೋಡಿದರೆ ಮಾತ್ರ ಈ ವ್ಯತ್ಯಾಸ ಸಿಗದು. ಎರಡು ಸಾಲಿನಲ್ಲಿ ಒಂದನ್ನು ಅಳಿಸಿದರೂ ಒಂದು ಕಡಿಮೆ, ಎರಡನ್ನು ಬೆಸೆದರೂ ಒಂದು ಕಡಿಮೆ. ಲೆಕ್ಕ ಸರಿಯಾಗಿಯೇ ಬರುತ್ತದೆ, ಒಳಗಿನ ಮಾಹಿತಿ ಬದಲಾಗಿರುತ್ತದೆ.

ಒಂದು ಉದಾಹರಣೆಯನ್ನೇ ಹಿಡಿದು ಹೋಗೋಣ. ತಾಲ್ಲೂಕು ಕೇಂದ್ರದಲ್ಲಿ ಪಂಪ್‌ಸೆಟ್, ಹನಿ ನೀರಾವರಿಯ ಪೈಪು ಮಾರುವ ಅಂಗಡಿ ಎಂದಿಟ್ಟುಕೊಳ್ಳಿ. ಹಾಳೆಯಲ್ಲಿ ತಲೆಸಾಲು ಬಿಟ್ಟು 412 ಸಾಲು, ಏಳು ಕಾಲಂ: ಹೆಸರು, ಮೊಬೈಲ್, ಊರು, ವಿಳಾಸ, ಬಾಕಿ, ಮೆಸೇಜ್ ಬೇಕೋ ಬೇಡವೋ, ಷರಾ. ಮಾಲೀಕರ ಫೋನಿನಿಂದ ತೆಗೆದ ಪಟ್ಟಿ, ಅವರ ತಮ್ಮನ ಫೋನಿನಿಂದ ತೆಗೆದ ಪಟ್ಟಿ, ಹಳೆಯ ಎಕ್ಸೆಲ್ ಫೈಲಿನ ಒಂದು ಭಾಗ, ಈ ಮೂರನ್ನೂ ಒಂದರ ಕೆಳಗೊಂದು ಅಂಟಿಸಿ ಈ ಹಾಳೆ ಆಗಿದೆ. ರಿಪೀಟ್ ಬಂದದ್ದು ಹೀಗೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಒಂದೇ ಪಟ್ಟಿಯನ್ನು ಎರಡು ಸಲ ಅಂಟಿಸಿದ್ದರೆ ಸಾಲುಗಳು ಅಕ್ಷರಕ್ಕೆ ಅಕ್ಷರ ಹೊಂದುತ್ತವೆ. ಇಬ್ಬರು ಬೇರೆ ಬೇರೆಯಾಗಿ ಬರೆದುಕೊಂಡ ಪಟ್ಟಿಗಳು ಕೂಡಿದ್ದರೆ ಒಂದೇ ಗ್ರಾಹಕನ ಎರಡು ಸಾಲುಗಳಲ್ಲಿ ಇಬ್ಬರ ತಿಳಿವಳಿಕೆಯೂ ಬೇರೆ ಬೇರೆ ಇರುತ್ತದೆ.

ಮೊದಲ ಹೆಜ್ಜೆ ನಕಲು. ಗೂಗಲ್ ಶೀಟ್ಸ್‌ನಲ್ಲಿ ಮಾಡಿದ ಪ್ರತಿ ಬದಲಾವಣೆಯೂ ತಾನಾಗಿಯೇ ಉಳಿಯುತ್ತದೆ, ಹಂಚಿಕೊಂಡ ಫೈಲಾದರೆ ಮಾಲೀಕರ ಫೋನಿನಲ್ಲೂ ಆ ಕ್ಷಣವೇ ಬದಲಾಗುತ್ತದೆ. ಹಳೆಯ ರೂಪಕ್ಕೆ ಮರಳಲು Version history ಇದೆ, ನಿಜ. ಆದರೆ ನಡುವೆ ಮಾಲೀಕರು ಹೊಸ ಗ್ರಾಹಕರನ್ನು ಸೇರಿಸಿದ್ದರೆ ಹಿಂದಕ್ಕೆ ಹೋದಾಗ ಅವರೂ ಹೋಗುತ್ತಾರೆ. ಹಾಗಾಗಿ ಹಾಳೆಯ ಹೆಸರಿನ ಮೇಲೆ ಒತ್ತಿ Duplicate ಆಯ್ದು, ಮೊದಲಿನದಕ್ಕೆ "ಮೂಲ" ಎಂದೂ ನಕಲಿಗೆ "ಕೆಲಸ" ಎಂದೂ ಹೆಸರಿಡಿ. ಇದಕ್ಕೂ ಮುಂಚೆ ಎಂಟನೆಯ ಕಾಲಂನಲ್ಲಿ 1ರಿಂದ 412ರವರೆಗೆ ಕ್ರಮಸಂಖ್ಯೆ ತುಂಬಿಸಿದ್ದರೆ ಅದು ಎರಡೂ ಹಾಳೆಗೆ ಬರುತ್ತದೆ. ಕೊನೆಯಲ್ಲಿ ಯಾವ ಯಾವ ಸಾಲು ಹೋಯಿತು ಎಂದು ಹೇಳುವುದು ಈ ಸಂಖ್ಯೆಯೇ. ಸೂತ್ರದಿಂದ ಬಂದ ಸಂಖ್ಯೆಯಾಗಿರಬಾರದು, ಟೈಪ್ ಮಾಡಿದ ಸಂಖ್ಯೆಯೇ ಆಗಿರಬೇಕು. ಸೂತ್ರವಾದರೆ ಸಾಲು ಅಳಿದಾಗ ತಾನೂ ಬದಲಾಗಿ, ಏನೂ ಆಗಿಲ್ಲವೆಂಬಂತೆ ಮತ್ತೆ ಒಂದು, ಎರಡು, ಮೂರು ಎಂದು ಜೋಡಿಸಿಕೊಳ್ಳುತ್ತದೆ.

ಇನ್ನು ಅಳಿಸುವುದು. ಹಾಳೆ ಪೂರ್ತಿ ಆಯ್ದುಕೊಂಡು `Data`, ಅದರೊಳಗೆ `Data cleanup`, ಅದರೊಳಗೆ `Remove duplicates`. ತಲೆಸಾಲು ಇದೆ ಎಂಬ ಗುರುತು ಹಾಕಿದರೆ ಕಾಲಂಗಳ ಹೆಸರು ಒಂದೊಂದಾಗಿ ಬರುತ್ತವೆ. ಏಳು ಕಾಲಂಗಳಿಗೂ ಗುರುತು ಇರಲಿ, ಕ್ರಮಸಂಖ್ಯೆಗೆ ಮಾತ್ರ ಬೇಡ. ಅದಕ್ಕೂ ಗುರುತು ಬಿದ್ದರೆ ಒಂದು ಸಾಲಿನಂತೆ ಇನ್ನೊಂದು ಇರುವುದೇ ಇಲ್ಲ, ರಿಪೀಟ್ ಸೊನ್ನೆ ಎಂದು ಉತ್ತರ ಬರುತ್ತದೆ. ಸರಿಯಾಗಿ ಮಾಡಿದಾಗ ನಮ್ಮ ಹಾಳೆಯಲ್ಲಿ 31 ಸಾಲು ಹೋಗಿ 381 ಉಳಿದವು ಎನ್ನೋಣ. ಹೊಂದುವ ಸಾಲುಗಳಲ್ಲಿ ಮೇಲಿರುವುದು ಉಳಿಯುತ್ತದೆ, ಕೆಳಗಿನದು ಹೋಗುತ್ತದೆ. ಇಂಗ್ಲಿಷ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವನ್ನು ಗೂಗಲ್ ಶೀಟ್ಸ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಕ್ಸೆಲ್‌ನಲ್ಲೂ ಇದೇ ಹೆಸರಿನ ಗುಂಡಿ `Data` ಅಡಿಯಲ್ಲೇ ಇದೆ, ಅದೂ ಮೇಲಿನದನ್ನೇ ಉಳಿಸುತ್ತದೆ. ಅಲ್ಲಿ ಒಂದು ಅಪಾಯವಿದೆ. ಕೆಲವೇ ಕಾಲಂಗಳನ್ನು ಆಯ್ದು ಅಳಿಸಿದರೆ ಆ ಭಾಗ ಮಾತ್ರ ಮೇಲಕ್ಕೆ ಸರಿಯುತ್ತದೆ, ಪಕ್ಕದ ಕಾಲಂಗಳು ಇದ್ದಲ್ಲೇ ನಿಲ್ಲುತ್ತವೆ. ಒಬ್ಬರ ಹೆಸರಿನ ಎದುರು ಇನ್ನೊಬ್ಬರ ಬಾಕಿ ಬಂದು ಕೂರುತ್ತದೆ. ಆಯ್ಕೆಯನ್ನು ಹಿಗ್ಗಿಸಲೇ ಎಂದು ಎಕ್ಸೆಲ್ ಕೇಳಿದಾಗ ಹೌದು ಎನ್ನಬೇಕಾದದ್ದು ಇದಕ್ಕೇ.

ಇಲ್ಲಿವರೆಗೆ ಯಾವ ಮಾಹಿತಿಯೂ ಕಳೆದಿಲ್ಲ. ಹೋದ 31 ಸಾಲುಗಳಲ್ಲಿ ಇದ್ದದ್ದೆಲ್ಲ ಉಳಿದ ಸಾಲುಗಳಲ್ಲೂ ಇದೆ. ಮಾಲೀಕರು ಹೇಳಿದ ಕೆಲಸದ ತಿರುಳು ಇಷ್ಟೇ.

ಆದರೂ ಕಣ್ಣಿಗೆ ರಿಪೀಟ್ ಎಂದು ಕಾಣುವ ಸಾಲುಗಳು ಇನ್ನೂ ಇರುತ್ತವೆ. ಇವುಗಳಲ್ಲಿ ಒಂದು ಬಗೆ ಬರೆದ ರೀತಿಯಲ್ಲಷ್ಟೇ ಬೇರೆ. ಒಂದು ಕಡೆ ಮೊಬೈಲ್ ನಂಬರ್ ಹತ್ತು ಅಂಕಿ, ಇನ್ನೊಂದು ಕಡೆ ಮುಂದೆ +91, ಮತ್ತೊಂದು ಕಡೆ ನಡುವೆ ಖಾಲಿ ಜಾಗ. ಉಳಿದ ಆರು ಕಾಲಂ ಒಂದೇ. ಇವನ್ನು ಹಿಡಿಯಲು ನಂಬರಿನ ಕೋಶವನ್ನು ತಿದ್ದಬೇಕಾಗಿಲ್ಲ. ಪಕ್ಕದಲ್ಲಿ ಒಂಬತ್ತನೆಯ ಕಾಲಂ ಮಾಡಿ, ಅಂಕಿಯಲ್ಲದ್ದನ್ನೆಲ್ಲ ಬಿಟ್ಟು ಕೊನೆಯ ಹತ್ತು ಅಂಕಿ ತೆಗೆದುಕೊಂಡರೆ ಸಾಕು:

```
=RIGHT(REGEXREPLACE(B2&"","[^0-9]",""),10)
```

ಈಗ ಮತ್ತೆ `Remove duplicates`. ಈ ಸಲ ಮೊಬೈಲ್ ಕಾಲಂನ ಗುರುತು ತೆಗೆದು, ಈ ಹೊಸ ಕಾಲಂಗೆ ಗುರುತು ಹಾಕಿ. ಉಳಿದ ಆರೂ ಹಾಗೆಯೇ ಇರಲಿ. ನಮ್ಮ ಉದಾಹರಣೆಯಲ್ಲಿ ಇನ್ನೂ 7 ಸಾಲು ಹೋಗಿ 374 ಉಳಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ಇವನ್ನು ತೆಗೆಯುವುದು ಒಪ್ಪಿಸಿದ ಕೆಲಸದ ಒಳಗೇ ಇದೆ, ಏಕೆಂದರೆ ಎರಡು ಸಾಲೂ ಹೇಳುವ ಸಂಗತಿ ಒಂದೇ. ಆದರೆ ಹೀಗೆ ತೆಗೆದೆ ಎಂದು ಮಾಲೀಕರಿಗೆ ತಿಳಿಸಬೇಕು. ಎರಡು ಬಾರಿಯಾಗಿ ಅಳಿಸಿದ್ದು ಅದಕ್ಕಾಗಿಯೇ: 31 ಯಾವುದು, 7 ಯಾವುದು ಎಂದು ಬೇರೆಯಾಗಿ ಹೇಳಲು ಬರುತ್ತದೆ. ಸೂತ್ರಕ್ಕೂ ಒಂದು ಮಿತಿಯಿದೆ. ಒಂದೇ ಕೋಶದಲ್ಲಿ ಓರೆಗೆರೆ ಹಾಕಿ ಎರಡು ನಂಬರ್ ಬರೆದಿದ್ದರೆ ಅದು ಎರಡನೆಯದನ್ನು ಮಾತ್ರ ನೋಡುತ್ತದೆ. ಅಂಥ ಕೋಶಗಳನ್ನು ಕಣ್ಣಿನಿಂದಲೇ ಹುಡುಕಬೇಕು.

ನಂಬರ್‌ಗಳ ವಿಷಯದಲ್ಲಿ ಇನ್ನೊಂದು ಮಾತು, ಏಕೆಂದರೆ ಇಲ್ಲದ ರಿಪೀಟ್ ಇದ್ದಂತೆ ಕಾಣುವುದು ಇಲ್ಲಿಯೇ. ಮುಂದೆ 91 ಸೇರಿಸಿ ಹನ್ನೆರಡು ಅಂಕಿ ಬರೆದ ಮೊಬೈಲನ್ನು ಎಕ್ಸೆಲ್ ಸಂಖ್ಯೆ ಎಂದು ತಿಳಿದು 9.19845E+11 ಎಂದು ತೋರಿಸುತ್ತದೆ. ಒಳಗೆ ಪೂರ್ತಿ ನಂಬರ್ ಇರುತ್ತದೆ. ಆದರೆ ಆ ಸ್ಥಿತಿಯಲ್ಲೇ ಸಿಎಸ್‌ವಿ ಆಗಿ ಉಳಿಸಿದರೆ ಫೈಲಿಗೆ ಹೋಗುವುದು ತೆರೆಯಲ್ಲಿ ಕಂಡದ್ದು ಮಾತ್ರ. ಮತ್ತೆ ತೆರೆದಾಗ ಅದು 919845000000 ಆಗಿರುತ್ತದೆ. 9845ರಿಂದ ಶುರುವಾಗುವ ಹತ್ತಾರು ಗ್ರಾಹಕರಿಗೆ ಒಂದೇ ನಂಬರ್ ಬಂದುಬಿಡುತ್ತದೆ. ಸಾಲುಸಾಲಾಗಿ ಸೊನ್ನೆಯಲ್ಲಿ ಮುಗಿಯುವ ನಂಬರ್‌ಗಳು ಕಂಡರೆ ಅಲ್ಲಿಗೇ ನಿಲ್ಲಿಸಿ, ಸಿಎಸ್‌ವಿ ಮಾಡುವುದಕ್ಕಿಂತ ಮುಂಚಿನ ಫೈಲನ್ನು ಕೇಳಿ ಪಡೆಯಬೇಕು. ಕಳೆದ ಅಂಕಿಗಳನ್ನು ಆ ಹಾಳೆಯಿಂದ ಮರಳಿ ಪಡೆಯಲು ದಾರಿಯಿಲ್ಲ.

ಕನ್ನಡದಲ್ಲಿ ಬರೆದ ಹೆಸರುಗಳಲ್ಲಿ ಇದರ ಉಲ್ಟಾ ಆಗುತ್ತದೆ: ಇರುವ ರಿಪೀಟ್ ಕಾಣುವುದಿಲ್ಲ. ಒಂದು ಸಾಲನ್ನು ಯುನಿಕೋಡಿನಲ್ಲಿ, ಇನ್ನೊಂದನ್ನು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಕಾಗದದ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಅಕ್ಷರಗಳು. ಯುನಿಕೋಡಿನಲ್ಲೇ ಇದ್ದರೂ ರ್‍ಯ ಬರೆಯುವಾಗ ಸೇರಿಕೊಳ್ಳುವ ಕಾಣದ ಜೋಡಕಚಿಹ್ನೆ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಇನ್ನು ಮಂಜುನಾಥ, ಮಂಜುನಾಥ್, ಮಂಜುನಾಥಪ್ಪ ಇವರು ಒಬ್ಬರೇ ಇಬ್ಬರೇ ಎಂಬುದನ್ನು ಯಾವ ಸೂತ್ರವೂ ಹೇಳದು. ಹೆಸರಿನ ಕಾಗುಣಿತವನ್ನು ತಿದ್ದಿ ಹೊಂದಿಸಲು ಹೋಗಬೇಡಿ. ಗ್ರಾಹಕನ ಹೆಸರು ಬಿಲ್ಲಿನಲ್ಲಿ ಹೇಗಿದೆಯೋ ಹಾಗೆ ಇರಲಿ ಎಂದೇ ಮಾಲೀಕರು ಹಾಗೆ ಬರೆದಿರಬಹುದು.

ಈಗ ಉಳಿದ 374ರಲ್ಲಿ ಒಂದೇ ಮೊಬೈಲ್ ಇದ್ದು ಬೇರೆ ಏನೋ ಹೊಂದದ ಸಾಲುಗಳನ್ನು ಹುಡುಕಬೇಕು. ಹತ್ತಂಕಿಯ ಕಾಲಂ I ಎಂದಾದರೆ, ಪಕ್ಕದಲ್ಲಿ:

```
=IF(I2="","",COUNTIF(I$2:I$375,I2))
```

ಉತ್ತರ 2 ಬಂದ ಸಾಲುಗಳನ್ನು ಸೋಸಿ ನೋಡಿದರೆ 46 ಸಿಗುತ್ತವೆ, ಅಂದರೆ 23 ಜೋಡಿ. ಕೈ ತುರಿಸುವುದು ಇಲ್ಲಿ. ಹತ್ತಂಕಿಯ ಕಾಲಂ ಒಂದಕ್ಕೇ ಗುರುತು ಹಾಕಿ ಮತ್ತೊಮ್ಮೆ ಗುಂಡಿ ಒತ್ತಿದರೆ 23 ಸಾಲು ಕ್ಷಣದಲ್ಲಿ ಹೋಗುತ್ತವೆ. ಇನ್ನೂ ಅಚ್ಚುಕಟ್ಟು ಬೇಕೆನ್ನುವವರು ಜೋಡಿಗಳನ್ನು ಕೂಡಿಸುತ್ತಾರೆ. ಎರಡೂ ಯಾಕೆ ಬೇಡ ಎನ್ನುವುದು ಜೋಡಿಗಳನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ.

ಮಂಜುನಾಥ ಎಂಬುವರ ಎರಡು ಸಾಲು ನೋಡಿ. 57ನೆಯ ಸಾಲಿನಲ್ಲಿ ವಿಳಾಸ ಖಾಲಿ, ಬಾಕಿ 4,200 ರೂಪಾಯಿ. 203ರಲ್ಲಿ ವಿಳಾಸವಿದೆ, ಬಾಕಿ 1,850. ಕೂಡಿಸುವವರು ವಿಳಾಸವನ್ನು 203ರಿಂದ ತೆಗೆದುಕೊಳ್ಳುವುದೇನೋ ಸರಿ, ಬಾಕಿಯಾಗಿ ಏನು ಬರೆಯಬೇಕು? 4,200ರಲ್ಲಿ 2,350 ಕಟ್ಟಿ 1,850 ಉಳಿದಿರಬಹುದು. ಅಥವಾ ಅದು ಅಣ್ಣನಿಂದ ಪಡೆದ ಪಂಪಿನ ಬಾಕಿ, ಇದು ತಮ್ಮನಿಂದ ಪಡೆದ ಪೈಪಿನ ಬಾಕಿ, ಒಟ್ಟು 6,050 ಇರಬಹುದು. ಹಾಳೆಯಲ್ಲಿ ತಾರೀಖು ಇಲ್ಲ. ಯಾವುದನ್ನು ಬರೆದರೂ ಅದು ಊಹೆ. ಬರೆದ ಮೇಲೆ ಅದು ಊಹೆಯಂತೆ ಕಾಣುವುದೂ ಇಲ್ಲ, ಲೆಕ್ಕದಂತೆ ಕಾಣುತ್ತದೆ. ಮುಂದಿನ ತಿಂಗಳು ಅದೇ ಅಂಕಿ ಹಿಡಿದು ಆ ರೈತನಿಗೆ ಫೋನ್ ಹೋಗುತ್ತದೆ. ಎರಡು ಸಾಲು ಹಾಗೆಯೇ ಇದ್ದಿದ್ದರೆ ಫೋನ್ ಮಾಡುವವರಿಗೆ ಕನಿಷ್ಠ ಅನುಮಾನವಾದರೂ ಬರುತ್ತಿತ್ತು.

ಎರಡನೆಯ ಜೋಡಿ ಗೌರಮ್ಮ, ಬಸವರಾಜ. ನಂಬರ್ ಒಂದೇ, ಊರೂ ಒಂದೇ. ಹಳ್ಳಿಯ ಮನೆಗಳಲ್ಲಿ ತಾಯಿಯ ಹೆಸರಿನ ಎದುರು ಮಗನ ನಂಬರ್ ಬರೆಸುವುದು ಮಾಮೂಲು. ಜಮೀನು ತಾಯಿಯ ಹೆಸರಿನಲ್ಲಿದ್ದರೆ ಹನಿ ನೀರಾವರಿಯ ಸಹಾಯಧನದ ಕಾಗದಪತ್ರ ಅವರ ಹೆಸರಿಗೇ ಆಗಬೇಕು, ಬಿಲ್ಲೂ ಅವರ ಹೆಸರಿಗೇ. ಮಗ ಬೇರೆ ಮೋಟರ್ ತೆಗೆದುಕೊಂಡಿರಬಹುದು. ಇವರು ಇಬ್ಬರು ಗ್ರಾಹಕರು. ಮೊಬೈಲ್ ಒಂದನ್ನೇ ನೋಡಿ ಅಳಿಸಿದರೆ ಹಾಳೆಯಲ್ಲಿ ಕೆಳಗಿದ್ದವರು ಗ್ರಾಹಕರೇ ಅಲ್ಲವೆಂದಾಗುತ್ತದೆ. ಕೂಡಿಸಿದರೆ ತಾಯಿಯ ವಾರಂಟಿ ಮಗನ ಹೆಸರಿಗೆ ಹೋಗುತ್ತದೆ. ಮೊಬೈಲೇ ಇಲ್ಲದ ಗ್ರಾಹಕರದ್ದು ಇನ್ನೂ ಕಷ್ಟ. `Remove duplicates` ಖಾಲಿ ಕೋಶಗಳನ್ನೆಲ್ಲ ಒಂದೇ ಎಂದು ಎಣಿಸುತ್ತದೆ. ನಂಬರ್ ಕೊಡದ ಒಂಬತ್ತು ಮಂದಿ ಇದ್ದರೆ ಮೊದಲನೆಯವರು ಉಳಿದು ಎಂಟು ಮಂದಿ ಮಾಯವಾಗುತ್ತಾರೆ. ಮೇಲಿನ ಸೂತ್ರದಲ್ಲಿ ಖಾಲಿ ಕೋಶವನ್ನು ಎಣಿಕೆಯಿಂದ ಹೊರಗಿಟ್ಟಿದ್ದು ಇದಕ್ಕೆ.

ಮೂರನೆಯ ಜೋಡಿಯಲ್ಲಿ ಹೆಸರು, ನಂಬರ್, ಊರು ಎಲ್ಲ ಒಂದೇ. ಮೇಲಿನ ಸಾಲಿನಲ್ಲಿ ಮೆಸೇಜ್ ಕಾಲಂ ಖಾಲಿ, ಕೆಳಗಿನದರಲ್ಲಿ "ಬೇಡ". ಮೊಬೈಲ್ ನೋಡಿ ಅಳಿಸಿದಾಗ ಮೇಲಿನದು ಉಳಿಯುತ್ತದೆ, "ಬೇಡ" ಎಂಬ ಮಾತು ಹೋಗುತ್ತದೆ. ಹಬ್ಬಕ್ಕೆ ಎಲ್ಲರಿಗೂ ಒಟ್ಟಿಗೆ ಮೆಸೇಜ್ ಕಳಿಸಿದಾಗ ಬೇಡವೆಂದಿದ್ದವರಿಗೂ ಹೋಗುತ್ತದೆ. ತನ್ನ ನಂಬರಿಗೆ ಏನು ಬರಬೇಕು ಎಂದು ಹೇಳುವ ಹಕ್ಕು ಆ ಗ್ರಾಹಕರದ್ದು. ಒಂದು ಖಾಲಿ ಕೋಶ ಮೇಲಿದ್ದ ಮಾತ್ರಕ್ಕೆ ಅದು ಅಳಿಯಬಾರದು.

ಹಾಗಾದರೆ ಈ 46 ಸಾಲುಗಳನ್ನು ಏನು ಮಾಡುವುದು? "ಕೆಲಸ" ಹಾಳೆಯಲ್ಲಿ ಮುಟ್ಟದೆ ಬಿಡುವುದು. ಅದರ ಜೊತೆಗೆ "ನೋಡಬೇಕಾದವು" ಎಂಬ ಮೂರನೆಯ ಹಾಳೆ ಮಾಡಿ ಅಲ್ಲಿಗೆ ಅವುಗಳ ನಕಲು ತೆಗೆದು, ಜೋಡಿಗಳು ಒಂದರ ಕೆಳಗೊಂದು ಬರುವಂತೆ ಹತ್ತಂಕಿಯ ಕಾಲಂ ಪ್ರಕಾರ ಜೋಡಿಸಿ, ಹೊಂದದ ಕೋಶಕ್ಕೆ ಬಣ್ಣ ಹಾಕಿ, ಕೊನೆಯಲ್ಲಿ "ನಿರ್ಧಾರ" ಎಂಬ ಖಾಲಿ ಕಾಲಂ ಬಿಡುವುದು. ಅಕಾರಾದಿಯಾಗಿ ಜೋಡಿಸುವುದೇನಿದ್ದರೂ ಈ ಹಾಳೆಯಲ್ಲೇ ಆಗಲಿ. "ಕೆಲಸ" ಹಾಳೆಯ ಕ್ರಮವನ್ನು ಕದಲಿಸಬೇಡಿ, ಗ್ರಾಹಕರು ಬಂದ ಕ್ರಮದಲ್ಲೇ ಸಾಲುಗಳು ಇರಬಹುದು. ಕೂಡಿಸುವ ಯೋಚನೆ ಬಂದವರ ಶ್ರಮವೂ ಇದರಲ್ಲಿ ವ್ಯರ್ಥವಾಗುವುದಿಲ್ಲ. ಅವರು ಕಂಡುಹಿಡಿದದ್ದೆಲ್ಲ ಮಾಲೀಕರ ಮುಂದೆ ಇರುತ್ತದೆ, ತೀರ್ಮಾನ ಮಾತ್ರ ಮಾಲೀಕರದ್ದಾಗುತ್ತದೆ.

ಒಪ್ಪಿಸುವ ಮೊದಲು ಆರಂಭದಲ್ಲಿ ಹೇಳಿದ ಪರೀಕ್ಷೆ ಮಾಡಬೇಕು. "ಮೂಲ", "ಕೆಲಸ" ಎರಡೂ ಹಾಳೆಗಳ K ಕಾಲಂನಲ್ಲಿ ಏಳು ಕೋಶಗಳನ್ನು ಪೋಣಿಸಿ, L ಕಾಲಂನಲ್ಲಿ "ಕೆಲಸ"ದ ಪ್ರತಿ ಸಾಲೂ "ಮೂಲ"ದಲ್ಲಿ ಇದೆಯೇ ಎಂದು ಕೇಳುವುದು:

```
K2:  =TEXTJOIN("|",FALSE,A2:G2)
L2:  =COUNTIF('ಮೂಲ'!K$2:K$413,K2)
```

ಮೊದಲ ಸೂತ್ರದಲ್ಲಿನ `FALSE` ಮುಖ್ಯ. ಖಾಲಿ ಕೋಶದ ಜಾಗವನ್ನೂ ಅದು ಉಳಿಸಿಕೊಳ್ಳುತ್ತದೆ. `TRUE` ಎಂದರೆ ಖಾಲಿಗಳನ್ನು ಹಾರಿಸಿಬಿಡುತ್ತದೆ, ಆಗ ವಿಳಾಸದ ಕೋಶದಲ್ಲಿದ್ದ ಮಾತು ಷರಾದಲ್ಲಿದ್ದರೂ ಎರಡು ಸಾಲು ಒಂದೇ ಎನಿಸಬಹುದು. L ಕಾಲಂನಲ್ಲಿ ಎಲ್ಲೂ 0 ಇರಬಾರದು. ಒಂದೇ ಒಂದು 0 ಬಂದರೂ ಆ ಸಾಲು ಮೂಲದಲ್ಲಿರಲಿಲ್ಲ, ಅಂದರೆ ಯಾವುದೋ ಕೋಶ ಬದಲಾಗಿದೆ. ಬೇಕೆಂದು ಕೂಡಿಸಿದ್ದಾಗಲಿ, ಕೈತಪ್ಪಿ ಒಂದು ಅಕ್ಷರ ಬಿದ್ದದ್ದಾಗಲಿ, ಸಾಲು ಜಾರಿ ಪಕ್ಕದವರ ಬಾಕಿ ಬಂದದ್ದಾಗಲಿ, ಮೂರೂ ಇಲ್ಲೇ ಸಿಕ್ಕಿಬೀಳುತ್ತವೆ. ಇದೇ ಸೂತ್ರವನ್ನು ತಿರುಗಿಸಿ "ಮೂಲ"ದ ಸಾಲುಗಳು "ಕೆಲಸ"ದಲ್ಲಿ ಇವೆಯೇ ಎಂದು ಕೇಳಿದರೆ, ನಂಬರ್ ಬರೆದ ರೀತಿ ಬೇರೆಯಾಗಿದ್ದ 7 ಸಾಲು ಮಾತ್ರ 0 ತೋರಿಸಬೇಕು. ಎಂಟನೆಯದು ಕಂಡರೆ ಹೋಗಬಾರದ ಸಾಲೊಂದು ಹೋಗಿರಬಹುದು.

ಮಾಲೀಕರಿಗೆ ಕಳಿಸುವ ಮೆಸೇಜ್ ಇಷ್ಟಿದ್ದರೆ ಸಾಕು: "ಸರ್, 412 ಸಾಲಲ್ಲಿ 31 ಪೂರ್ತಿ ರಿಪೀಟ್ ಇದ್ವು, ತೆಗ್ದಿದೀನಿ. ಇನ್ನೂ 7ರಲ್ಲಿ ನಂಬರ್ ಬರೆದ ರೀತಿ ಮಾತ್ರ ಬೇರೆ ಇತ್ತು, ಅವೂ ತೆಗ್ದಿದೀನಿ. ಈಗ 374 ಇದೆ. ಒಂದೇ ನಂಬರ್ ಇದ್ದು ಬಾಕಿ, ಹೆಸರು ಬೇರೆ ಇರೋ 23 ಜೋಡಿ ಮುಟ್ಟಿಲ್ಲ, ಬೇರೆ ಹಾಳೇಲಿ ಹಾಕಿದೀನಿ. ಕೂಡಿಸ್ಬೇಕು ಅಂದ್ರೆ ಪಕ್ಕದಲ್ಲಿ ಬರೀರಿ. ಹಳೇ ಪಟ್ಟಿ ಹಾಗೇ ಇದೆ." ಓದಲು ಅರ್ಧ ನಿಮಿಷ. ತೆಗೆದದ್ದು ಯಾವುದು, ಬಿಟ್ಟದ್ದು ಯಾವುದು ಎಂದು ತಿಳಿಯಲು ಅವರು ಹಾಳೆಯನ್ನು ಹುಡುಕಬೇಕಾಗಿಲ್ಲ.

ಮಾಲೀಕರು ಖಾತೆ ಪುಸ್ತಕ ತೆಗೆದು ನೋಡಿ 14 ಜೋಡಿ ಒಬ್ಬರದ್ದೇ ಎಂದೂ, 6 ಜೋಡಿ ಮನೆಮಂದಿಯದ್ದು, ಹಾಗೆ ಇರಲಿ ಎಂದೂ, 3ನ್ನು ಕೇಳಿ ಹೇಳುತ್ತೇನೆ ಎಂದೂ ಬರೆದರು ಎನ್ನೋಣ. ಈಗ ಕೂಡಿಸುವುದು ಒಪ್ಪಿಸಿದ ಕೆಲಸ. ಆಗಲೂ ಬಾಕಿಯ ಅಂಕಿಯನ್ನು ಅವರೇ "ನಿರ್ಧಾರ" ಕಾಲಂನಲ್ಲಿ ಬರೆದಿರಬೇಕು. ಮಂಜುನಾಥರ ಎದುರು "ಒಟ್ಟು 6,050, ವಿಳಾಸ 203ರದ್ದು" ಎಂದಿದ್ದರೆ ಅಷ್ಟನ್ನೇ 57ನೆಯ ಸಾಲಿಗೆ ಬರೆದು 203ನ್ನು ಅಳಿಸುವುದು. ಮೆಸೇಜ್ "ಬೇಡ" ಎಂದು ಜೋಡಿಯ ಯಾವ ಸಾಲಿನಲ್ಲಿದ್ದರೂ ಉಳಿಯುವ ಸಾಲಿಗೆ ಅದು ಬರಬೇಕು. ಯಾವ ಕ್ರಮಸಂಖ್ಯೆ ಯಾವುದರೊಳಗೆ ಸೇರಿತು ಎಂದು "ನೋಡಬೇಕಾದವು" ಹಾಳೆಯಲ್ಲೇ ಬರೆದಿಡಿ. ಬೆಸೆದ ಸಾಲನ್ನು ನೋಡಿ ಮಾತ್ರ ಯಾವ ಕೋಶ ಎಲ್ಲಿಂದ ಬಂತೆಂದು ಯಾರೂ ಹೇಳಲಾರರು. ಈಗ L ಕಾಲಂನಲ್ಲಿ ಹೆಚ್ಚೆಂದರೆ 14 ಸೊನ್ನೆ ಬರಬಹುದು, ಪ್ರತಿಯೊಂದರ ಎದುರೂ ಮಾಲೀಕರ ಬರಹವಿರಬೇಕು. ಪಟ್ಟಿಯಲ್ಲಿ 360 ಸಾಲು ಉಳಿಯುತ್ತವೆ, ಕೇಳಬೇಕಾದ ಮೂರು ಜೋಡಿಗಳೂ ಅದರಲ್ಲೇ ಇರುತ್ತವೆ.